ಸಹಾಯ ಬೇಕು: ದೊಡ್ಡ ಫೈಲ್ ಕಾಪಿ ಮಧ್ಯೆ ಎನ್‌ವಿಎಂಇ ನಿಧಾನವಾಗ್ತಿದೆ, ಹೀಟ್‌ಸಿಂಕ್ ಸಾಕಾ?

ಎಲ್ಲರಿಗೂ ನಮಸ್ಕಾರ. ಮದುವೆ ವಿಡಿಯೋ ಎಡಿಟಿಂಗ್ ನನ್ನ ಕೆಲಸ. ಒಂದು ಮದುವೆ ಅಂದರೆ ಸುಮಾರು 400 ಜಿಬಿ. ಅದನ್ನು ಒಂದು ಎನ್‌ವಿಎಂಇಯಿಂದ ಇನ್ನೊಂದು 1 ಟಿಬಿ ಎನ್‌ವಿಎಂಇಗೆ ಕಾಪಿ ಮಾಡುತ್ತೇನೆ. ಎರಡೂ ಜೆನ್ 4. ಬರೆಯುವ ಡ್ರೈವ್‌ಗೆ ಹೀಟ್‌ಸಿಂಕ್ ಇಲ್ಲ, ಗ್ರಾಫಿಕ್ಸ್ ಕಾರ್ಡ್ ಕೆಳಗೇ ಕೂತಿದೆ.

ಶುರುವಿನಲ್ಲಿ ಸೆಕೆಂಡಿಗೆ 3 ಜಿಬಿ ಬರುತ್ತದೆ. 90 ಜಿಬಿ ಹೊತ್ತಿಗೆ ಡ್ರೈವ್ 83 ಡಿಗ್ರಿ ಮುಟ್ಟುತ್ತದೆ. ಆಮೇಲೆ ವೇಗ ಗರಗಸದ ಹಲ್ಲಿನ ಹಾಗೆ ಏರಿ ಇಳಿಯುತ್ತದೆ. ಲಿನಕ್ಸ್‌ನಲ್ಲಿ ಇದನ್ನು ಕೊಟ್ಟು ನೋಡಿದೆ:

```
sudo nvme smart-log /dev/nvme1
```

ಪ್ರತಿ ಕಾಪಿ ಆದಮೇಲೂ `Thermal Management T1 Trans Count` ಹೆಚ್ಚಾಗುತ್ತಿತ್ತು. ಅಂದರೆ ಬಿಸಿಗೆ ಡ್ರೈವ್ ತಾನೇ ವೇಗ ತಗ್ಗಿಸಿಕೊಳ್ಳುತ್ತಿದೆ, ಅಲ್ವಾ?

ಕೇಸ್ ತೆಗೆದು ಟೇಬಲ್ ಫ್ಯಾನ್ ಇಟ್ಟೆ. ತಾಪ 62 ದಾಟಲಿಲ್ಲ, ಆ ಎಣಿಕೆಯೂ ಏರಲಿಲ್ಲ. ಆದರೆ 220 ಜಿಬಿ ಆದಮೇಲೆ ವೇಗ ಒಮ್ಮೆಲೇ 900 ಎಂಬಿಗೆ ಬಿತ್ತು. ಈ ಸಲ ಏರಿಳಿತವೇ ಇಲ್ಲ, ಕೊನೆವರೆಗೂ ನೇರ ಗೆರೆ. ಅರ್ಧ ಗಂಟೆ ಸುಮ್ನೆ ಬಿಟ್ಟು ಮತ್ತೆ ಕಾಪಿ ಹಾಕಿದರೆ ಮೊದಲಿನ ವೇಗ ವಾಪಸ್. ಡ್ರೈವ್ ಜಾಸ್ತಿ ತುಂಬಿದ್ದಾಗ ಇನ್ನೂ ಬೇಗ ಬೀಳುತ್ತದೆ. ಇದು ಎಸ್‌ಎಲ್‌ಸಿ ಕ್ಯಾಶ್ ಮುಗಿದದ್ದು ಅಂತ ನನ್ನ ಅನುಮಾನ.

ನನ್ನ ಪ್ರಶ್ನೆ ಇಷ್ಟೇ. ಹೀಟ್‌ಸಿಂಕ್ ಹಾಕಿದರೆ ಮೊದಲಿನ ಗರಗಸ ಮಾತ್ರ ಹೋಗುತ್ತದಾ, ಅಥವಾ 900 ಎಂಬಿಯೂ ಮೇಲೇರುತ್ತದಾ? ಏರಲ್ಲ ಅಂತಾದರೆ, ಹೀಟ್‌ಸಿಂಕ್ ಜೊತೆಗೆ ಕ್ಯಾಶ್ ದೊಡ್ಡದಿರುವ 2 ಟಿಬಿ ಡ್ರೈವ್ ಕೂಡ ತೆಗೆದುಕೊಳ್ಳಲೇಬೇಕಾ?