ಪದಚರ್ಚೆ: ಕಾಂಟ್ರಾಕ್ಷನ್, ಶ್ರಿಂಕ್ ಎರಡಕ್ಕೂ ‘ಸಂಕೋಚನ’ ಸಾಕೇ?

ಸುಮಂಗಲಾ:
ಎಲ್ಲರಿಗೂ ನಮಸ್ಕಾರ. ಸಿಂಪ್ಲೆಕ್ಸ್ ಎಂಬ ಆಕೃತಿಯನ್ನು, ಎರಡು ಚರಗಳಿದ್ದರೆ ತ್ರಿಭುಜವನ್ನು, ಸರಿಸುತ್ತಾ ಫಲನದ ಕನಿಷ್ಠವನ್ನು ಹುಡುಕುವ ನೆಲ್ಡರ್–ಮೀಡ್ ವಿಧಾನದ ಮೇಲಿನ ಒಂದು ಅಧ್ಯಾಯ ಅನುವಾದಿಸಿದ್ದೇನೆ, ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ರಿಫ್ಲೆಕ್ಷನ್‌ಗೆ ‘ಪ್ರತಿಬಿಂಬನ’, ಎಕ್ಸ್‌ಪಾನ್ಷನ್‌ಗೆ ‘ವಿಸ್ತರಣ’ ಎಂದು ಹಾಕಿದ್ದೇನೆ. ಕಾಂಟ್ರಾಕ್ಷನ್ ಮತ್ತು ಶ್ರಿಂಕ್ ಎರಡಕ್ಕೂ ‘ಸಂಕೋಚನ’ ಎಂದೇ ಬರೆದುಬಿಟ್ಟೆ. ಕರಡು ನೋಡಿದವರು “ಬರೀ ಸಂಕೋಚನಗಳೇ ನಡೆದರೂ ವಿಧಾನ ತಪ್ಪು ಜಾಗದಲ್ಲಿ ನಿಲ್ಲಬಹುದು” ಎಂಬ ವಾಕ್ಯದ ಕೆಳಗೆ ಗೆರೆ ಎಳೆದು “ಯಾವ ಸಂಕೋಚನ?” ಎಂದು ಕೇಳಿದ್ದಾರೆ. ಒಳ್ಳೆಯ ಪದಗಳಿದ್ದರೆ ಇವತ್ತೇ ತಿಳಿಸಿ.

ರಾಘವೇಂದ್ರ:
ಸಂಸ್ಕೃತದ ಹಂಗೇಕೆ? ಮಗುಚು, ಹಿಗ್ಗು, ಒಳಸರಿ, ಕುಗ್ಗು. ನಾಲ್ಕಕ್ಕೂ ನಮ್ಮಲ್ಲೇ ಮಾತಿದೆ. ‘ಸಿಂಪ್ಲೆಕ್ಸ್’ ಅನ್ನೂ ಹಾಗೇ ಬಿಡಬೇಡಿ. ಲ್ಯಾಟಿನ್‌ನಲ್ಲಿ ಅದರ ಮೊದಲ ತುಂಡು ‘ಒಂದು’, ಎರಡನೆಯದು ‘ಮಡಿಕೆ’. ಡ್ಯುಪ್ಲೆಕ್ಸ್ ಎಂದರೆ ಇಮ್ಮಡಿ, ಟ್ರಿಪ್ಲೆಕ್ಸ್ ಎಂದರೆ ಮುಮ್ಮಡಿ. ಹಾಗಾದರೆ ಸಿಂಪ್ಲೆಕ್ಸ್ ‘ಒಮ್ಮಡಿ’. ಎರಡು ನುಡಿಗಳೂ ಒಂದೇ ಬಗೆಯಲ್ಲಿ ಯೋಚಿಸಿವೆ. ಇಂಥ ಪದ ಕೈಯಲ್ಲಿರುವಾಗ ಎರವಲು ತರುವುದು ಸೋಮಾರಿತನ.

ವಸಂತ:
ಮೂಲ ವಾಕ್ಯವೇ ತಪ್ಪು. ಸಿಂಪ್ಲೆಕ್ಸ್ ವಿಧಾನ ಡಾಂಟ್ಸಿಗ್ 1947ರಲ್ಲಿ ಕೊಟ್ಟದ್ದು. ಬಹುಮುಖಿಯ ಮೂಲೆಯಿಂದ ಮೂಲೆಗೆ ನಡೆದು ಉತ್ತರ ತಲುಪುತ್ತದೆ. ಖಾತರಿ ಇಲ್ಲ ಎಂದು ಅಚ್ಚು ಹಾಕಿಸಬೇಡಿ.

ಶ್ರೀಧರ:
ವಸಂತ ಅವರೇ, ಅದು ರೇಖೀಯ ಪ್ರೋಗ್ರಾಮಿಂಗ್, ಇದು ಬೇರೆ. ಇಲ್ಲಿ ಬಹುಮುಖಿಯೂ ಇಲ್ಲ, ನಿರ್ಬಂಧಗಳೂ ಇಲ್ಲ. ಇಳಿಜಾರಿನ ಲೆಕ್ಕವಿಲ್ಲದೆ, ಬರೀ ಫಲನದ ಬೆಲೆಗಳನ್ನು ಹೋಲಿಸುತ್ತಾ ಕನಿಷ್ಠವನ್ನು ಹುಡುಕುವ 1965ರ ವಿಧಾನ. ಹೆಸರು ಮಾತ್ರ ಒಂದೇ.

ಸುಮಂಗಲಾ ಅವರೇ, ಮೊದಲು ‘ಪ್ರತಿಬಿಂಬನ’ ತೆಗೆಯಿರಿ. ಕನ್ನಡಿಯಲ್ಲಾದರೆ ಬಿಂಬ ಎದುರಿನ ಬಾಹುವಿಗೆ ಲಂಬವಾಗಿ ಆಚೆ ಬೀಳುತ್ತದೆ. ಇಲ್ಲಿ ಫಲನದ ಬೆಲೆ ಅತಿ ಹೆಚ್ಚಿರುವ, ಅಂದರೆ ಅತಿ ಕೆಟ್ಟ ಶೃಂಗವನ್ನು ಉಳಿದೆರಡರ ಮಧ್ಯಬಿಂದುವಿನ ಮೂಲಕ ಹಾಯಿಸಿ, ಅಷ್ಟೇ ದೂರ ಆಚೆ ಇಡುತ್ತೇವೆ. ಸ್ಪೆಂಡ್ಲಿ, ಹೆಕ್ಸ್ಟ್, ಹಿಮ್ಸ್‌ವರ್ತ್ 1962ರಲ್ಲಿ ಬಳಸಿದ ಸಮಬಾಹು ತ್ರಿಭುಜದಲ್ಲಿ ಎರಡೂ ಒಂದೇ. ನೆಲ್ಡರ್–ಮೀಡ್‌ನಲ್ಲಿ ತ್ರಿಭುಜ ಆಕಾರ ಬದಲಿಸುತ್ತದೆ, ಆಗ ಕನ್ನಡಿಯ ಚಿತ್ರ ಓದುಗರ ದಾರಿ ತಪ್ಪಿಸುತ್ತದೆ. ರಾಘವೇಂದ್ರರ ‘ಮಗುಚು’ ಇದಕ್ಕೆ ನಿಜಕ್ಕೂ ಒಪ್ಪುತ್ತದೆ.

ಈಗ ನಿಮ್ಮ ಪ್ರಶ್ನೆ. ಮಗುಚಿದ ಬಿಂದು ಎಲ್ಲಕ್ಕಿಂತ ಒಳ್ಳೆಯದಾದರೆ ಅದೇ ದಿಕ್ಕಿನಲ್ಲಿ ಎರಡು ಪಟ್ಟು ಹೋಗಿ ನೋಡುತ್ತೇವೆ. ಉಳಿದೆರಡು ಶೃಂಗಗಳಿಗಿಂತಲೂ ಕೆಟ್ಟದಾದರೆ ಕಾಂಟ್ರಾಕ್ಷನ್: ಒಂದೇ ಶೃಂಗ ಮಧ್ಯಬಿಂದುವಿನ ಕಡೆಗೆ ಅರ್ಧ ದಾರಿ ಬರುತ್ತದೆ. ಅದೂ ಕೈಕೊಟ್ಟರೆ ಮಾತ್ರ ಶ್ರಿಂಕ್: ಅತಿ ಒಳ್ಳೆಯ ಶೃಂಗ ಇದ್ದಲ್ಲೇ ಇದ್ದು, ಉಳಿದವೆಲ್ಲ ಅದರತ್ತ ಅರ್ಧಕ್ಕೆ ಸರಿಯುತ್ತವೆ. ಶ್ರಿಂಕ್‌ನಲ್ಲಿ ತ್ರಿಭುಜದ ಆಕಾರ ಕೆಡುವುದಿಲ್ಲ, ಗಾತ್ರ ಮಾತ್ರ ಇಳಿಯುತ್ತದೆ. ಕಾಂಟ್ರಾಕ್ಷನ್‌ನಲ್ಲಿ ಆಕಾರವೇ ಚಪ್ಪಟೆಯಾಗಬಹುದು. ರೋಗ ಇರುವುದು ಅಲ್ಲಿ. ಎರಡಕ್ಕೂ ಒಂದೇ ಪದ ಹಾಕಿದರೆ ಆ ಅಧ್ಯಾಯ ಹೇಳಬೇಕಾದದ್ದೇ ಅಳಿಸಿಹೋಗುತ್ತದೆ.

‘ಒಮ್ಮಡಿ’ ಬೇಡ. ಓದುವವರಿಗೆ ‘ಒಂದು ಪಟ್ಟು’ ಎಂದು ಕೇಳಿಸುತ್ತದೆ.

ವಸಂತ:
ಸರಿ, ಡಾಂಟ್ಸಿಗ್ ಹೆಸರು ಹಿಂದಕ್ಕೆ ತೆಗೆದುಕೊಂಡೆ. ಆದರೆ ತಪ್ಪು ಜಾಗದಲ್ಲಿ ನಿಲ್ಲುವುದು ಅಂದರೆ ಸ್ಥಳೀಯ ಕನಿಷ್ಠದಲ್ಲಿ ಸಿಕ್ಕಿಬೀಳುವುದು ತಾನೇ? ಯಾವ ವಿಧಾನಕ್ಕೂ ಅದು ತಪ್ಪಿದ್ದಲ್ಲ.

ಶ್ರೀಧರ:
ಅಲ್ಲ. ಹಾಗೂ ಆಗುತ್ತದೆ, ಆದರೆ ಇಲ್ಲಿನ ದೂರು ಅದಲ್ಲ. ಒಂದೇ ಒಂದು ಕನಿಷ್ಠವಿರುವ ಬಟ್ಟಲಿನಲ್ಲೂ, ಇಳಿಜಾರಿನ ನಡುವೆಯೇ ನಿಂತುಬಿಡುತ್ತದೆ. ಮೆಕಿನನ್ 1998ರಲ್ಲಿ ತೋರಿಸಿದ ಉದಾಹರಣೆಗಳಲ್ಲಿ ಇದೊಂದು:

```
x ≥ 0:  f = 6x² + y + y²
x < 0:  f = 360x² + y + y²
```

ಇದರ ಕನಿಷ್ಠ (0, −0.5) ರಲ್ಲಿ, ಬೆಲೆ −0.25. ಶೃಂಗಗಳನ್ನು (0, 0), (1, 1), (0.843, −0.593) ಎಂದು ಇಟ್ಟು ಶುರು ಮಾಡಿ. ಬೆಲೆಗಳು 0, 8 ಮತ್ತು ಸುಮಾರು 4.02. ಕೆಟ್ಟದ್ದು (1, 1). ಅದನ್ನು ಮಗುಚಿದರೆ (−0.157, −1.593) ಗೆ ಬೀಳುತ್ತದೆ. ಎಡಗಡೆಯ ಗೋಡೆ ಕಡಿದಾದದ್ದು, ಹಾಗಾಗಿ ಅಲ್ಲಿ ಬೆಲೆ 9.8. ಒಳಗೆ ಎಳೆದರೆ (0.711, 0.352), ಬೆಲೆ 3.5. ಸರಿ, ಒಪ್ಪಿಕೊಂಡಿತು. ಈಗ ಕೆಟ್ಟದ್ದು 4.02 ಇದ್ದ ಶೃಂಗ. ಅದಕ್ಕೂ ಇದೇ ಗತಿ. ಹೀಗೇ ಕೊನೆಯಿಲ್ಲದೆ ನಡೆಯುತ್ತದೆ, (0, 0) ಮಾತ್ರ ಅಲುಗುವುದೇ ಇಲ್ಲ.

ಮೇಲಿನ ಶೃಂಗಗಳನ್ನೇ ನೋಡಿ. ಪ್ರತಿ ಹೆಜ್ಜೆಗೆ x 0.843 ಪಟ್ಟು, y −0.593 ಪಟ್ಟು ಆಗುತ್ತಾ ಬರುತ್ತದೆ. y ಬೇಗ ಸಾಯುತ್ತದೆ. ಹತ್ತನೆಯ ಘಾತಕ್ಕೆ x ಸುಮಾರು 0.18, y ಸುಮಾರು 0.005. ತ್ರಿಭುಜ x ಅಕ್ಷದ ಉದ್ದಕ್ಕೆ ಮಲಗಿದ ಸೂಜಿಯಾಗುತ್ತದೆ. (0, 0) ಯಲ್ಲಿ ಇಳಿಜಾರು ಇರುವುದೋ ನೇರ y ದಿಕ್ಕಿನಲ್ಲಿ. ಸೂಜಿಗೆ ಆ ದಿಕ್ಕು ಕಾಣುವುದೇ ಇಲ್ಲ.

ಇಡೀ ಕಥೆಯಲ್ಲಿ ಒಂದೇ ಒಂದು ಶ್ರಿಂಕ್ ಇಲ್ಲ, ಇರುವುದಕ್ಕೂ ಸಾಧ್ಯವಿಲ್ಲ. ಫಲನ ಈ ಬಟ್ಟಲಿನಂತೆ ಕಟ್ಟುನಿಟ್ಟಾಗಿ ಪೀನವಾಗಿದ್ದರೆ ಕಾಂಟ್ರಾಕ್ಷನ್ ಎಂದೂ ವಿಫಲವಾಗುವುದಿಲ್ಲ. ಸುಮಂಗಲಾ ಅವರ ವಾಕ್ಯವನ್ನು ಯಾರಾದರೂ ಶ್ರಿಂಕ್ ಎಂದು ಓದಿಕೊಂಡರೆ ಪೂರ್ತಿ ಸುಳ್ಳಾಗುವುದು ಅದಕ್ಕೇ.

ಮಂಜುಳಾ:
ಪದದ ಬಗ್ಗೆ ನನಗೆ ಹೇಳಲು ಬರುವುದಿಲ್ಲ, ಅನುಭವ ಹೇಳುತ್ತೇನೆ. ಆರು ಚರಗಳ ವಕ್ರರೇಖೆಯನ್ನು ಅಳತೆಗಳಿಗೆ ಹೊಂದಿಸುತ್ತಿದ್ದೆ. ಪರದೆಯ ಮೇಲೆ `Optimization terminated successfully.` ಎಂದು ಬಂತು, ನಂಬಿದೆ. ಎರಡು ವಾರದ ಮೇಲೆ ಅದೇ ಉತ್ತರದ ಸುತ್ತ ಹೊಸ, ದಪ್ಪನೆಯ ಸಿಂಪ್ಲೆಕ್ಸ್ ಇಟ್ಟು ಮತ್ತೆ ಓಡಿಸಿದರೆ ಬೆಲೆ ಇನ್ನೂ ಇಳಿಯಿತು. ಮೂರನೆಯ ಸಲ ಇಳಿಯಲಿಲ್ಲ. ಅಂದಿನಿಂದ ಮರು ಓಟವಿಲ್ಲದೆ ಯಾವ ಉತ್ತರವನ್ನೂ ಒಪ್ಪುವುದಿಲ್ಲ.

ಶ್ರೀಧರ:
ಆ ಸಂದೇಶ ಹೇಳುವುದು ಶೃಂಗಗಳು ಹತ್ತಿರ ಬಂದಿವೆ, ಬೆಲೆಗಳೂ ಹತ್ತಿರವಿವೆ ಎಂದಷ್ಟೇ. ಸೂಜಿಯಾದ ಸಿಂಪ್ಲೆಕ್ಸ್ ಕೂಡ ಆ ಪರೀಕ್ಷೆ ಪಾಸಾಗುತ್ತದೆ. ನಿಮ್ಮ ಮರು ಓಟ ಒಳ್ಳೆಯ ಅಭ್ಯಾಸ, ಆದರೆ ಪುರಾವೆಯಲ್ಲ.

ಇದೇ ಕಾರಣಕ್ಕೆ ಕನ್ವರ್ಜೆನ್ಸ್‌ಗೆ ಹಾಕುವ ‘ಅಭಿಸರಣ’ ಪದವನ್ನೂ ಜೋಪಾನವಾಗಿ ಬಳಸಿ. “ವಿಧಾನ ಅಭಿಸರಿಸುತ್ತದೆ” ಎಂದರೆ ಏನೂ ಹೇಳಿದಂತಾಗಲಿಲ್ಲ. ಎಲ್ಲಿಗೆ ಎಂಬುದು ಬೇಕು. ಮೆಕಿನನ್ ತ್ರಿಭುಜವೂ ಒಂದು ಬಿಂದುವಿಗೆ ಅಭಿಸರಿಸುತ್ತದೆ, ಅದು ಕನಿಷ್ಠವಲ್ಲ. ಲಗಾರಿಯಾಸ್ ಮತ್ತು ಜೊತೆಗಾರರು ಅದೇ 1998ರಲ್ಲಿ ಕಟ್ಟುನಿಟ್ಟಾದ ಪೀನ ಫಲನಗಳಿಗೆ ಸಾಧಿಸಿದ್ದೂ ಇಷ್ಟೇ: ಒಂದು ಆಯಾಮದಲ್ಲಿ ಕನಿಷ್ಠಕ್ಕೇ ಹೋಗುತ್ತದೆ, ಎರಡು ಆಯಾಮದಲ್ಲಿ ತ್ರಿಭುಜದ ವ್ಯಾಸ ಸೊನ್ನೆಗೆ ಇಳಿಯುತ್ತದೆ.

ರಾಘವೇಂದ್ರ:
‘ಅಭಿಸರಣ’ ಯಾರ ಬಾಯಲ್ಲಿದೆ? ‘ಕೂಡು’ ಎನ್ನಿ. “ಎಲ್ಲಿ ಕೂಡುತ್ತದೆ” ಎಂದರೆ ನೀವು ಕೇಳುವ ‘ಎಲ್ಲಿ’ ತಾನಾಗಿಯೇ ಬರುತ್ತದೆ. ಸಂಸ್ಕೃತ ಪದಗಳನ್ನು ಹೇರಿದ್ದರಿಂದಲೇ ಮಕ್ಕಳು ಗಣಿತದಿಂದ ದೂರ ಓಡಿದ್ದು.

ಶ್ರೀಧರ:
‘ಕೂಡು’ ಎಂದರೆ ಸಂಕಲನ. ಗಣಿತದ ಪುಸ್ತಕದಲ್ಲಿ ಅದು ನಡೆಯುವುದಿಲ್ಲ. ‘ಒಳಸರಿ’ಗೂ ಒಂದು ತೊಡಕಿದೆ. ಮಗುಚಿದ ಬಿಂದು ಹಳೆಯ ಕೆಟ್ಟ ಶೃಂಗಕ್ಕಿಂತ ಒಳ್ಳೆಯದಾಗಿದ್ದರೆ ಆಚೆ ಬದಿಯಲ್ಲೇ ಕಾಂಟ್ರಾಕ್ಷನ್ ಮಾಡುತ್ತೇವೆ. ಅದನ್ನು ‘ಹೊರ ಒಳಸರಿ’ ಎನ್ನುತ್ತೀರಾ?

ರಾಘವೇಂದ್ರ:
‘ನಡುಸೆಳೆತ’ ಎನ್ನಿ. ಒಳ ನಡುಸೆಳೆತ, ಹೊರ ನಡುಸೆಳೆತ. ‘ಕೂಡು’ ಬಿಡುವುದಿಲ್ಲ, ಹೊಳೆಗಳು ಕೂಡುತ್ತವೆ, ದಾರಿಗಳು ಕೂಡುತ್ತವೆ.

ಸುಮಂಗಲಾ:
‘ನಡುಸೆಳೆತ’ ತೆಗೆದುಕೊಂಡೆ, ಎಳೆಯುವುದು ಮಧ್ಯಬಿಂದುವಿನತ್ತ ಎಂಬುದನ್ನು ಪದವೇ ಹೇಳುತ್ತದೆ. ಶ್ರಿಂಕ್‌ಗೆ ‘ಕುಗ್ಗುವಿಕೆ’, ರಿಫ್ಲೆಕ್ಷನ್‌ಗೆ ‘ಮಗುಚುವಿಕೆ’. ಸಿಂಪ್ಲೆಕ್ಸ್ ಹಾಗೇ ಇರುತ್ತದೆ, ಕ್ಷಮಿಸಿ ರಾಘವೇಂದ್ರ ಅವರೇ. ವಾಕ್ಯ ಈಗ ಹೀಗಿದೆ: “ಒಮ್ಮೆಯೂ ಕುಗ್ಗುವಿಕೆ ನಡೆಯದೆ, ಬರೀ ಒಳ ನಡುಸೆಳೆತಗಳಿಂದಲೇ ತ್ರಿಭುಜ ಚಪ್ಪಟೆಯಾಗಿ, ಕನಿಷ್ಠವಲ್ಲದ ಬಿಂದುವಿಗೆ ಅಭಿಸರಿಸಬಹುದು.”

ರಾಘವೇಂದ್ರ:
‘ಬಿಂದುವಿನಲ್ಲಿ ಕೂಡಬಹುದು.’ ಇನ್ನೂ ಹೊತ್ತಿದೆ, ತಿದ್ದಿ.