ಎ.ಸಿ. ರಿಪೇರಿ ಅಂಗಡಿಗೆ ಗಿರಾಕಿ ಸಿಗುವುದು ಹೇಗೆ?

ಪ್ರಶ್ನೆ (ಸಂತೆಕಟ್ಟೆ, ಉಡುಪಿ): ಗಲ್ಫ್‌ನಲ್ಲಿ ಎ.ಸಿ. ಮೆಕ್ಯಾನಿಕ್ ಆಗಿದ್ದೆ. ಈಗ ಊರಿಗೆ ಬಂದು ಸಣ್ಣ ಅಂಗಡಿ ಇಟ್ಟಿದ್ದೇನೆ. ಆಸುಪಾಸಿನ ಎಲ್ಲ ವಾಟ್ಸಾಪ್ ಗ್ರೂಪಿಗೂ ಪೋಸ್ಟರ್ ಹಾಕ್ತೇನೆ. ಹೆಬ್ಬೆರಳು ತೋರಿಸ್ತಾರೆ, ಫೋನ್ ಮಾಡುವವರಿಲ್ಲ. ಒಂದೆರಡು ಗ್ರೂಪಿನಿಂದ ತೆಗೆದೂ ಹಾಕಿದರು. ಕೆಲಸ ಗೊತ್ತುಂಟು, ಗಿರಾಕಿ ಸಿಗುವುದು ಹೇಗೆ?

ಎ.ಸಿ. ಸರ್ವಿಸ್, ಬಿಜೈ, ಮಂಗಳೂರು: ಪೋಸ್ಟರ್ ಹಾಕುವುದನ್ನು ಇವತ್ತೇ ನಿಲ್ಲಿಸಿ. ಮನೆಯ ಎ.ಸಿ. ಸರಿ ಇರುವಾಗ ನಿಮ್ಮ ನಂಬರ್ ಯಾರೂ ತೆಗೆದಿಡುವುದಿಲ್ಲ. ಕೆಟ್ಟ ದಿನ ಅವರು ಗ್ರೂಪಿನಲ್ಲಿ "ಎ.ಸಿ.ಯವರ ನಂಬರ್ ಯಾರಲ್ಲಾದರೂ ಉಂಟಾ?" ಅಂತ ಕೇಳ್ತಾರೆ. ಆಗ ನಿಮ್ಮ ನಂಬರ್ ಹಾಕಬೇಕಾದವರು ಪಕ್ಕದ ಮನೆಯವರು, ನೀವಲ್ಲ. ಹತ್ತು ಊರಿನ ಗ್ರೂಪ್ ಬಿಟ್ಟು ಒಂದೇ ಅಪಾರ್ಟ್‌ಮೆಂಟ್ ಹಿಡಿಯಿರಿ.

ನಮಗೆ ಬಿಜೈ ಕಡೆಯ ಒಂದು ಬಿಲ್ಡಿಂಗ್ ಹೇಗೆ ಸಿಕ್ಕಿತು ಹೇಳ್ತೇನೆ. ವಯಸ್ಸಾದ ಗಂಡ ಹೆಂಡತಿ ಇಬ್ಬರೇ ಇರುವ ಮನೆ, ಮಗಳು ಅಬುಧಾಬಿಯಲ್ಲಿ. ಇನ್‌ಡೋರ್ ಯೂನಿಟ್‌ನಿಂದ ಗೋಡೆಗೆ ನೀರು ಇಳಿಯುತ್ತಿತ್ತು. ಮೊದಲು ಬಂದವರು ಗ್ಯಾಸ್ ಖಾಲಿ, ತುಂಬಿಸಬೇಕು ಅಂದಿದ್ದರಂತೆ. ನಾನು ಬಿಚ್ಚಿ ನೋಡಿದರೆ ಡ್ರೈನ್ ಟ್ರೇಯಲ್ಲಿ ಲೋಳೆ ಕಟ್ಟಿ ಪೈಪ್ ಬ್ಲಾಕ್ ಆಗಿತ್ತು, ಗ್ಯಾಸ್ ಸರಿಯಾಗಿಯೇ ಇತ್ತು. ತೊಳೆದು ಸರ್ವಿಸಿನ ದುಡ್ಡು ಮಾತ್ರ ತೆಗೆದುಕೊಂಡೆ. ಟ್ರೇಯ ಫೋಟೋ ತೊಳೆಯುವ ಮುಂಚೆ ಒಂದು, ತೊಳೆದ ಮೇಲೆ ಒಂದು, ಜೊತೆಗೆ ಬಿಲ್, ಮೂರನ್ನೂ ಮಗಳಿಗೆ ಕಳಿಸಿದೆ. ನಮ್ಮ ಜಿಲ್ಲೆಗಳಲ್ಲಿ ಇದು ಬಹಳ ಮುಖ್ಯ. ಮನೆಯಲ್ಲಿ ಇರುವವರು ಒಬ್ಬರು, ದುಡ್ಡು ಕೊಡುವವರು ದುಬೈಯಲ್ಲೋ ಮುಂಬೈಯಲ್ಲೋ ಇನ್ನೊಬ್ಬರು. ಅಪ್ಪ ಅಮ್ಮನಿಗೆ ಯಾರಾದರೂ ಮೋಸ ಮಾಡಿಯಾರು ಎಂಬ ಹೆದರಿಕೆ ಅವರಿಗೆ ಯಾವಾಗಲೂ ಇರ್ತದೆ.

ಫೋಟೋದ ಕೆಳಗೆ ನಾನು ಹೀಗೆ ಬರೆದಿದ್ದೆ: "ಶನಿವಾರ ನಿಮ್ಮ ಬಿಲ್ಡಿಂಗಿಗೆ ಇನ್ನೊಂದು ಕೆಲಸಕ್ಕೆ ಬರಲಿಕ್ಕುಂಟು. ಬೇರೆ ಯಾರಿಗಾದರೂ ಬೇಕಿದ್ದರೆ ಅದೇ ದಿನ ನೋಡಿಕೊಡ್ತೇನೆ." ಅವರು ಅದನ್ನು ಹಾಗೆಯೇ ಬಿಲ್ಡಿಂಗಿನ ಗ್ರೂಪಿಗೆ ಹಾಕಿದರು. "ನನ್ನ ಬಗ್ಗೆ ಒಳ್ಳೆಯದು ಬರೆಯಿರಿ" ಅಂತ ಕೇಳಿದರೆ ಜನರಿಗೆ ಮುಜುಗರ. ನೆರೆಯವರಿಗೆ ಉಪಯೋಗ ಆಗುವ ಒಂದು ಸುದ್ದಿ ಕೊಟ್ಟರೆ ಅವರೇ ಸಂತೋಷದಲ್ಲಿ ಹಂಚ್ತಾರೆ. ಆ ಶನಿವಾರ ಅದೇ ಲಿಫ್ಟಿನಲ್ಲಿ ಮೂರು ಮನೆ ಮುಗಿಸಿದೆ, ಪೆಟ್ರೋಲ್ ಒಂದೇ ಸಲದ್ದು. ಹೇಳಿದ ದಿನ ಮಾತ್ರ ತಪ್ಪಿಸಬಾರದು, ಯಾಕೆಂದರೆ ತಪ್ಪಿದರೆ ಅದೂ ಅದೇ ಗ್ರೂಪಿನಲ್ಲಿ ಬರ್ತದೆ.

ಹೊರಡುವ ಮುಂಚೆ ಇನ್‌ಡೋರ್ ಯೂನಿಟ್‌ನ ಬದಿಗೆ ಸಣ್ಣ ಸ್ಟಿಕ್ಕರ್ ಅಂಟಿಸಿ, ಸರ್ವಿಸ್ ಆದ ತಾರೀಕು ಮತ್ತು ನಂಬರ್ ಸಾಕು. ನಿಮ್ಮ ನಂಬರನ್ನು ಅಲ್ಲಿಯೇ ಸೇವ್ ಮಾಡಿಸಿಕೊಳ್ಳಿ. ಸೇವ್ ಮಾಡದವರಿಗೆ ವಾಟ್ಸಾಪ್ ಬ್ರಾಡ್‌ಕಾಸ್ಟ್ ಮೆಸೇಜ್ ಹೋಗುವುದೇ ಇಲ್ಲ. ಒಂದು ಪುಸ್ತಕದಲ್ಲಿ ಪ್ರತಿ ಹೊಸ ಗಿರಾಕಿಯ ಹೆಸರಿನ ಎದುರು "ಯಾರು ಹೇಳಿದ್ದು" ಅಂತ ಬರೆದಿಡಿ. ಒಂದು ಸೀಸನ್ ಕಳೆದು ನೋಡಿದರೆ ಅರ್ಧ ಕೆಲಸ ಕೈಬೆರಳಲ್ಲಿ ಎಣಿಸುವಷ್ಟು ಜನರಿಂದ ಬಂದದ್ದು ಕಾಣ್ತದೆ. ಅವರ ಮನೆಯಿಂದ ಫೋನ್ ಬಂದರೆ ಮೊದಲು ಅಲ್ಲಿಗೆ ಹೋಗಿ.

ಮೊಬೈಲ್ ಅಂಗಡಿ, ಕುಂದಾಪುರ: ಅಣ್ಣ ಹೇಳಿದ್ದು ಸರಿ, ಆದರೆ ನಿಧಾನ ಆಯ್ತು. ಗೂಗಲ್ ಮ್ಯಾಪಿನಲ್ಲಿ ಅಂಗಡಿ ಹಾಕಿ, ಐದು ಸ್ಟಾರ್ ಕೊಟ್ಟವರಿಗೆ ನೂರು ರೂಪಾಯಿ ಕಡಿಮೆ ಮಾಡಿ. ಬೇಗ ಮೇಲೆ ಬರ್ತೀರಿ.

ಎ.ಸಿ. ಸರ್ವಿಸ್, ಬಿಜೈ: ಮ್ಯಾಪಿನಲ್ಲಿ ಹಾಕುವುದು ಸರಿ, ಅದಕ್ಕೆ ಖರ್ಚೂ ಇಲ್ಲ. ಮಣಿಪಾಲಕ್ಕೆ ಹೊಸದಾಗಿ ಬಂದವರು ಯಾವ ಗ್ರೂಪಿನಲ್ಲೂ ಇರುವುದಿಲ್ಲ, ಅವರು ಅಲ್ಲೇ ಹುಡುಕ್ತಾರೆ. ಆದರೆ ರಿವ್ಯೂಗೆ ದುಡ್ಡು, ರಿಯಾಯಿತಿ ಕೊಡುವುದು ಗೂಗಲ್ ನಿಯಮಕ್ಕೆ ವಿರುದ್ಧ. ಸಿಕ್ಕಿಬಿದ್ದರೆ ರಿವ್ಯೂ ತೆಗೆದುಹಾಕ್ತಾರೆ. ಕೆಲಸ ಮುಗಿದ ಸಂಜೆ ಲಿಂಕ್ ಕಳಿಸಿ ಸುಮ್ಮನಿರಿ, ಮನಸ್ಸಿದ್ದವರು ಬರೀತಾರೆ.

ಬ್ಲೌಸ್ ಟೈಲರ್, ಕಾರ್ಕಳ: ನನಗೆ ಗಿರಾಕಿ ಬೇಕಾದಷ್ಟು ಉಂಟು ಅಣ್ಣ. ಮದುವೆ ಸೀಸನ್‌ನಲ್ಲಿ ಒಪ್ಪಿಕೊಂಡದ್ದನ್ನು ಹೊಲಿದು ಮುಗಿಸಲಿಕ್ಕೆ ಆಗುವುದಿಲ್ಲ. ಒಬ್ಬರಿಗೆ ತಡವಾದರೆ ಅವರ ಮಹಿಳಾ ಮಂಡಳಿಗೆಲ್ಲ ಗೊತ್ತಾಗ್ತದೆ. ಅದಕ್ಕೆ ಎಂತ ಮಾಡುವುದು?

ಎ.ಸಿ. ಸರ್ವಿಸ್, ಬಿಜೈ: ಅಕ್ಕ, ಇದು ಪ್ರಶ್ನೆ ಕೇಳಿದವರಿಗೂ ಬರುವ ತೊಂದರೆಯೇ. ನಮಗೆ ಮಾರ್ಚ್‌ನಿಂದ ಮೇ ವರೆಗೆ ಉಸಿರಾಡಲಿಕ್ಕೆ ಪುರುಸೊತ್ತಿಲ್ಲ, ಮಳೆ ಹಿಡಿದ ಮೇಲೆ ಖಾಲಿ. ಸೀಸನ್‌ನಲ್ಲಿ "ಇವತ್ತು ಬರ್ತೇನೆ" ಅನ್ನುವ ಬದಲು "ಗುರುವಾರ ಮಧ್ಯಾಹ್ನದ ಮೇಲೆ" ಅಂತ ಹೇಳಿ. ತಡವಾಗ್ತದೆ ಅಂತ ಮೊದಲೇ ಗೊತ್ತಿದ್ದರೆ ಯಾರೂ ಬೈಯುವುದಿಲ್ಲ, ಕಾಯಿಸಿದರೆ ಬೈತಾರೆ. ಎ.ಸಿ.ಯವರು ಹಳೆಯ ಗಿರಾಕಿಗಳಿಗೆ ಫೆಬ್ರವರಿಯಲ್ಲೇ ಮೆಸೇಜ್ ಮಾಡಬೇಕು. ಗಲ್ಫಿನವರ ಖಾಲಿ ಮನೆಗಳಿಗೆ ಜೂನ್‌ನಲ್ಲಿ ಮತ್ತೊಮ್ಮೆ ಕೇಳಿ. ಅಲ್ಲಿ ಶಾಲೆಗೆ ರಜೆ ಜುಲೈ, ಆಗಸ್ಟ್‌ನಲ್ಲಿ. ಮಕ್ಕಳೊಟ್ಟಿಗೆ ಬಂದ ರಾತ್ರಿ ಎ.ಸಿ. ಓಡದಿದ್ದರೆ ಅವರಿಗೆ ಎಷ್ಟು ಕಷ್ಟ ನೋಡಿ.

ಇನ್ನೊಂದು ಮಾತು. ಮಲ್ಪೆ, ಸುರತ್ಕಲ್, ಉಳ್ಳಾಲದಂತಹ ಕಡಲಬದಿಯಲ್ಲಿ ಉಪ್ಪುಗಾಳಿಗೆ ಹೊರಗಿನ ಯೂನಿಟ್‌ನ ಕಾಯಿಲ್ ಬೇಗ ತುಕ್ಕು ತಿಂದು ಗ್ಯಾಸ್ ಸೋರ್ತದೆ. ಸೋರುವ ಜಾಗ ಹುಡುಕದೆ ಗ್ಯಾಸ್ ತುಂಬಿಸಿ ಬಂದರೆ ಕೆಲವೇ ಸಮಯದಲ್ಲಿ ಮತ್ತೆ ತಂಪಾಗುವುದಿಲ್ಲ, ಗ್ರೂಪಿನಲ್ಲಿ ಹೆಸರು ಕೆಡುವುದು ಹೆಚ್ಚಾಗಿ ಹೀಗೆಯೇ. ಜಾಯಿಂಟಿನ ಹತ್ತಿರ ಎಣ್ಣೆಯ ಕಲೆ ಉಂಟಾ ನೋಡಿ, ಸೋಪಿನ ನೀರು ಹಾಕಿ ಗುಳ್ಳೆ ಬರ್ತದಾ ನೋಡಿ, ಅದನ್ನು ವಿಡಿಯೋ ಮಾಡಿ ತೋರಿಸಿ. ಕಾಯಿಲ್ ಪೂರಾ ಹೋಗಿದ್ದರೆ ಗ್ಯಾಸ್ ತುಂಬಿಸುವುದು ದಂಡ ಅಂತ ಹೇಳಿಬಿಡಿ. ಆ ದಿನದ ಸಂಪಾದನೆ ಹೋಗ್ತದೆ, ಆದರೆ ಆ ಮನೆಯವರು ನಿಮ್ಮ ನಂಬರ್ ಕೊಡ್ತಾರೆ.

ಪ್ರಶ್ನೆ ಕೇಳಿದವರು: ಅಣ್ಣ, ನಮ್ಮಲ್ಲಿ ಅಪಾರ್ಟ್‌ಮೆಂಟ್ ಕಡಿಮೆ, ತೋಟದ ಮನೆಗಳೇ ಹೆಚ್ಚು. ಎಲೆಕ್ಟ್ರಿಷಿಯನ್‌ಗಳು ಕೆಲಸ ಕೊಡಿಸ್ತೇವೆ, ಕಮಿಷನ್ ಕೊಡಿ ಅಂತಾರೆ. ಕೊಡಬೇಕಾ?

ಎ.ಸಿ. ಸರ್ವಿಸ್, ಬಿಜೈ: ಹೌದು, ಬಿಡಿ ಮನೆಗಳಲ್ಲಿ ಗ್ರೂಪ್ ಅಷ್ಟು ನಡೆಯುವುದಿಲ್ಲ. ಅಲ್ಲಿ ಜನ ಕೇಳುವುದು ಎಲೆಕ್ಟ್ರಿಷಿಯನ್, ಪ್ಲಂಬರ್, ಚರ್ಚಿನ ವಾರ್ಡಿನ ಮುಖಂಡರಾದ ಗುರ್ಕಾರ್, ಇಂಥವರನ್ನು. ನಾನು ಕಮಿಷನ್ ಕೊಡುವುದಿಲ್ಲ, ಬದಲಿಗೆ ವಯರಿಂಗ್ ಕೆಲಸ ಕಂಡರೆ ಅವರ ನಂಬರ್ ಕೊಡ್ತೇನೆ. ಕಮಿಷನ್ ಕೊಟ್ಟರೆ ಅದು ಗಿರಾಕಿಯ ಬಿಲ್ಲಿಗೇ ಸೇರ್ತದೆ.

ಫ್ರಿಜ್ ಮೆಕ್ಯಾನಿಕ್, ಕಾಪು: ನಾನು ಕೊಡ್ತೇನೆ, ಬಿಲ್ಲಿಗೆ ಸೇರಿಸುವುದಿಲ್ಲ. ಮೊದಲ ವರ್ಷ ಅವರಿಲ್ಲದಿದ್ದರೆ ಅಂಗಡಿ ಬಾಡಿಗೆ ಕಟ್ಟಲಿಕ್ಕೆ ಆಗುತ್ತಿರಲಿಲ್ಲ. ಹೊಸಬರಿಗೆ ಬೇರೆ ದಾರಿ ಎಲ್ಲಿ?

ಅಪಾರ್ಟ್‌ಮೆಂಟ್ ಕಾರ್ಯದರ್ಶಿ, ಮಣಿಪಾಲ: ನಮ್ಮ ಗ್ರೂಪಿನಲ್ಲಿ ಪೋಸ್ಟರ್ ಡಿಲೀಟ್ ಮಾಡುವವನು ನಾನೇ. ಲಿಫ್ಟ್ ಕೆಟ್ಟಿದೆ, ನೀರು ಬರುವುದಿಲ್ಲ ಎಂಬ ಮೆಸೇಜ್ ಅದರಡಿ ಹೂತುಹೋಗ್ತದೆ. ಆದರೆ ವಾಚ್‌ಮನ್ ಮೇಜಿನಲ್ಲಿ ನಂಬರುಗಳ ಪಟ್ಟಿ ಉಂಟು.

ಪ್ರಶ್ನೆ ಕೇಳಿದವರು: ಸರ್, ಆ ಪಟ್ಟಿಗೆ ಸೇರಲಿಕ್ಕೆ ಎಂತ ಬೇಕು? ನನಗೆ ಜಿ.ಎಸ್.ಟಿ. ನಂಬರ್ ಇಲ್ಲ.

ಅಪಾರ್ಟ್‌ಮೆಂಟ್ ಕಾರ್ಯದರ್ಶಿ, ಮಣಿಪಾಲ: ಸರ್ವಿಸ್ ಕೆಲಸಕ್ಕೆ ವರ್ಷದ ವಹಿವಾಟು 20 ಲಕ್ಷದೊಳಗೆ ಇದ್ದರೆ ಸಾಮಾನ್ಯವಾಗಿ ಅದು ಬೇಕಾಗುವುದಿಲ್ಲ. ಹೆಸರು, ತಾರೀಕು, ಮಾಡಿದ ಕೆಲಸ ಬರೆದ ಸಾದಾ ಬಿಲ್ ಸಾಕು. ನಮ್ಮ ಎರಡು ಮನೆಯವರು ಕೆಲಸ ಮಾಡಿಸಿ ಸರಿ ಉಂಟು ಅಂತ ಹೇಳಬೇಕು, ಗುರುತಿನ ಚೀಟಿಯ ಒಂದು ಪ್ರತಿ ಗೇಟಿನಲ್ಲಿ ಕೊಡಬೇಕು. ಎರಡನೇ ಮಾಳಿಗೆಯಲ್ಲಿ ಒಬ್ಬರ ಎ.ಸಿ. ತಂಪಾಗ್ತಿಲ್ಲವಂತೆ. ನನಗೆ ಪ್ರತ್ಯೇಕ ಮೆಸೇಜ್ ಮಾಡಿ, ಅವರಲ್ಲಿ ಕೇಳಿ ಹೇಳ್ತೇನೆ.