ಪಟ್ಟಿ ಮಾಸಿದ ಹೆದ್ದಾರಿಯಲ್ಲಿ ಲೇನ್ ಕೀಪ್ ಅಸಿಸ್ಟ್ ಕಾರನ್ನು ಎಡಕ್ಕೆ ಎಳೆಯುತ್ತಿದೆ: ಕ್ಯಾಮೆರಾ ಕೆಟ್ಟಿದೆಯೇ?

ಶಿರಾದಾರಿ:
ಎಲ್ಲರಿಗೂ ನಮಸ್ಕಾರ. ನಾನು ವಾರಕ್ಕೆರಡು ಬಾರಿ ಬೆಂಗಳೂರಿನಿಂದ ತುಮಕೂರಿನ ಮೇಲೆ ಶಿರಾಕ್ಕೆ ಹೋಗುತ್ತೇನೆ. ತುಮಕೂರು ದಾಟಿದ ನಂತರ ಬಿಳಿ ಪಟ್ಟಿಗಳು ಮಾಸಿರುವ ಕೆಲವು ಜಾಗಗಳಲ್ಲಿ, ಗಂಟೆಗೆ 80 ಕಿ.ಮೀ. ವೇಗದಲ್ಲಿರುವಾಗ ಸ್ಟೀರಿಂಗ್ ತಾನಾಗಿ ಮೆಲ್ಲಗೆ ಎಡಕ್ಕೆ ತಿರುಗಿ ಕಾರನ್ನು ರಸ್ತೆಯ ಅಂಚಿನ ಕಡೆಗೆ ಒಯ್ಯುತ್ತದೆ. ನನಗೆ ಅರ್ಥವಾಗದಿರುವುದು ಏನೆಂದರೆ, ಆ ಹೊತ್ತಿನಲ್ಲಿ ಮೀಟರಿನ ಪರದೆಯಲ್ಲಿ ಎರಡೂ ಪಟ್ಟಿಗಳ ಗುರುತು ಹಸಿರಾಗಿಯೇ ಇರುತ್ತದೆ. ಪಟ್ಟಿ ಕಾಣದಿದ್ದರೆ ಅದು ಬೂದು ಬಣ್ಣಕ್ಕೆ ತಿರುಗಿ ಸುಮ್ಮನಾಗಬೇಕಲ್ಲವೇ? ಎರಡು ತಿಂಗಳ ಹಿಂದೆ ಮುಂದಿನ ಗಾಜು ಬದಲಾಯಿಸಿದ್ದೆ. ಸರ್ವಿಸ್ ಸೆಂಟರಿನವರು ಈಗ ಕ್ಯಾಮೆರಾವನ್ನೇ ಬದಲಿಸಬೇಕೆನ್ನುತ್ತಿದ್ದಾರೆ, ಖರ್ಚು ಸಣ್ಣದಲ್ಲ.

ಗ್ಯಾರೇಜ್ ಬಸಣ್ಣ:
ಸರ್, ಮೊದಲು ಮುಂದಿನ ಬಂಪರಿನಲ್ಲಿರುವ ರೇಡಾರ್ ಮೇಲೆ ಕೆಸರು ಕೂತಿದೆಯೇ ನೋಡಿ ಒರೆಸಿ. ಜೊತೆಗೆ ವೀಲ್ ಅಲೈನ್‌ಮೆಂಟ್ ಮಾಡಿಸಿ. ಕಾರು ಎಡಕ್ಕೆ ಎಳೆಯುತ್ತದೆ ಎಂದು ಬರುವ ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಜನರದ್ದು ಅಲೈನ್‌ಮೆಂಟಿನದ್ದೇ ದೋಷವಾಗಿರುತ್ತದೆ.

ಡಾಂಬರುಗಣ್ಣು:
ಬಸಣ್ಣನವರ ಅಲೈನ್‌ಮೆಂಟ್ ಸಲಹೆ ಸರಿ, ಮೊದಲು ಅದನ್ನು ಖಚಿತಪಡಿಸಿಕೊಳ್ಳುವುದು ಒಳ್ಳೆಯದು. ಆದರೆ ರೇಡಾರಿಗೆ ಬಣ್ಣದ ಪಟ್ಟಿ ಕಾಣುವುದಿಲ್ಲ. ಅದು ಮುಂದಿರುವ ವಾಹನದ ದೂರವನ್ನೂ ವೇಗವನ್ನೂ ಅಳೆಯುವ ಸಾಧನ. ಪಟ್ಟಿಯನ್ನು ನೋಡುವುದು ಒಳಗನ್ನಡಿಯ ಹಿಂದೆ ಗಾಜಿಗೆ ಅಂಟಿಕೊಂಡಿರುವ ಕ್ಯಾಮೆರಾ ಮಾತ್ರ.

ಆ ಕ್ಯಾಮೆರಾ ‘ಬಿಳಿ ಬಣ್ಣ’ವನ್ನು ಹುಡುಕುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಅದು ಹುಡುಕುವುದು ಬೆಳಕಿನ ವ್ಯತ್ಯಾಸವನ್ನು: ಕಪ್ಪಿನಿಂದ ಬಿಳುಪಿಗೆ ಏರಿ, ಒಂದು ಗೇಣಿಗಿಂತ ಕಡಿಮೆ ಅಗಲದಲ್ಲಿ ಮತ್ತೆ ಕಪ್ಪಿಗೆ ಇಳಿಯುವ, ಕಾರು ಸಾಗುವ ದಿಕ್ಕಿನಲ್ಲೇ ಉದ್ದಕ್ಕೆ ಹರಿಯುವ ಗೆರೆಯನ್ನು. ಹಾಗೆ ಸಿಕ್ಕ ಚುಕ್ಕೆಗಳನ್ನು ಜೋಡಿಸಿ ಎಡಕ್ಕೊಂದು, ಬಲಕ್ಕೊಂದು ನಯವಾದ ರೇಖೆ ಎಳೆಯುತ್ತದೆ. ಎರಡರ ನಡುವಿನ ಅಂತರ ಒಂದು ಪಥದ ಅಗಲಕ್ಕೆ ಹೊಂದುವಂತಿದ್ದರೆ ಗುರುತು ಹಸಿರಾಗುತ್ತದೆ. ಹಾಗಾಗಿ ಹಸಿರು ಎಂದರೆ ‘ಪಟ್ಟಿ ಕಂಡಿತು’ ಎಂದಲ್ಲ, ‘ಪಟ್ಟಿಯಂತೆ ನಡೆದುಕೊಳ್ಳುವ ಎರಡು ಗೆರೆಗಳು ಸಿಕ್ಕವು’ ಎಂದಷ್ಟೇ. ನಿಜವಾದ ಪಟ್ಟಿ ಮಾಸಿದಾಗ ಅದರ ಜಾಗಕ್ಕೆ ಬಿರುಕಿಗೆ ಸುರಿದ ಡಾಂಬರಿನ ಗೆರೆ, ರಸ್ತೆಯ ಜೋಡಣೆಯ ಸಾಲು, ಡಾಂಬರು ಮುಗಿದು ಮಣ್ಣು ಆರಂಭವಾಗುವ ಅಂಚು, ಇವುಗಳಲ್ಲಿ ಯಾವುದೂ ಬಂದು ಕೂರಬಹುದು. ಏನೂ ಸಿಗದಿದ್ದರೆ ವ್ಯವಸ್ಥೆ ಸುಮ್ಮನಾಗುತ್ತದೆ, ಅದು ಅಪಾಯವಲ್ಲ. ತಪ್ಪು ಗೆರೆ ಚೆನ್ನಾಗಿ ಸಿಕ್ಕಾಗಲೇ ತೊಂದರೆ.

ಎರಡು ಪ್ರಶ್ನೆಗಳು. ಇದು ದಿನದ ಯಾವ ಹೊತ್ತಿನಲ್ಲಿ ಆಗುತ್ತದೆ? ಹೊಸದಾಗಿ ಪಟ್ಟಿ ಬಳಿದ ನೇರ ರಸ್ತೆಯಲ್ಲಿ ಕಾರು ನಡುಮಧ್ಯದಲ್ಲೇ ಇರುತ್ತದೆಯೇ?

ಕುಂದಾಪುರದವ:
ನನ್ನದೂ ಇದೇ ಸಮಸ್ಯೆ ಮಾರಾಯ್ರೆ. ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದಿದ್ದರೂ ‘ಕೈ ಇಡಿ’ ಎಂದು ಅರಚುತ್ತದೆ. ಪಟ್ಟಿ ಚೆನ್ನಾಗಿರುವ ನೇರ ರಸ್ತೆಯಲ್ಲೇ ಹೆಚ್ಚು.

ಡಾಂಬರುಗಣ್ಣು:
ನಿಮ್ಮದು ಬೇರೆಯೇ ವಿಷಯ. ಹೆಚ್ಚಿನ ಕಾರುಗಳು ಕೈಯ ಸ್ಪರ್ಶವನ್ನಲ್ಲ, ಸ್ಟೀರಿಂಗ್ ದಂಡದ ಮೇಲೆ ಕೈ ಹಾಕುವ ತಿರುವಿನ ಬಲವನ್ನು ಅಳೆಯುತ್ತವೆ. ನೇರ ರಸ್ತೆಯಲ್ಲಿ ನೀವು ಅಲುಗಾಡಿಸದೆ ಹಿಡಿದಷ್ಟೂ ಅದಕ್ಕೆ ಕೈಯೇ ಇಲ್ಲವೆನಿಸುತ್ತದೆ. ಒಂದು ಕೈಯ ಭಾರ ಸ್ವಲ್ಪ ಒಂದು ಬದಿಗೆ ಬೀಳುವಂತೆ ಹಿಡಿಯಿರಿ.

ಶಿರಾದಾರಿ:
ಯೋಚಿಸಿದರೆ, ಸಂಜೆ ಹೋಗುವಾಗ ಮಾತ್ರ ಆಗುತ್ತದೆ, ಸುಮಾರು ಐದೂವರೆಯ ನಂತರ. ಬೆಳಿಗ್ಗೆ ಹೋದ ದಿನ ಒಂದೇ ಒಂದು ಜಾಗ ಬಿಟ್ಟರೆ ಬೇರೆಲ್ಲೂ ಎಳೆದದ್ದಿಲ್ಲ. ಹೊಸ ಪಟ್ಟಿಯಿರುವ ರಸ್ತೆಯಲ್ಲಿ ಎರಡೂ ದಿಕ್ಕಿನಲ್ಲಿ ಓಡಿಸಿ ನೋಡಿ ಹೇಳುತ್ತೇನೆ.

ಸ್ಟುಟ್‌ಗಾರ್ಟ್ ಕನ್ನಡಿಗ:
ಇಲ್ಲಿ ಜರ್ಮನಿಯಲ್ಲಿ ರಸ್ತೆ ಕಾಮಗಾರಿ ಇರುವಲ್ಲಿ ಹಳದಿ ತಾತ್ಕಾಲಿಕ ಪಟ್ಟಿಗಳನ್ನು ಅಂಟಿಸುತ್ತಾರೆ. ಕಾನೂನಿನಂತೆ ಹಳದಿಯೇ ಮಾನ್ಯ, ಹಳೆಯ ಬಿಳಿ ಪಟ್ಟಿ ಹಾಗೆಯೇ ಉಳಿದಿರುತ್ತದೆ. ನನ್ನ ಕಾರು ಒಮ್ಮೆ ಹಳದಿಯನ್ನು, ಒಮ್ಮೆ ಬಿಳಿಯನ್ನು ಹಿಡಿದು ತೊನೆದಾಡುತ್ತದೆ. ಆದ್ದರಿಂದ ಇದು ನಮ್ಮ ಊರಿನ ರಸ್ತೆಗಳದ್ದಷ್ಟೇ ರೋಗವಲ್ಲ.

ಶಿರಾದಾರಿ:
ಭಾನುವಾರ ಓಡಿಸಿದೆ. ಹೊಸ ಪಟ್ಟಿಯ ರಸ್ತೆಯಲ್ಲಿ ಹೋಗುವಾಗಲೂ ಬರುವಾಗಲೂ ಕಾರು ನಡುವೆಯೇ ಇತ್ತು. ಆಮೇಲೆ, ಎಳೆಯುವ ಜಾಗದ ಹತ್ತಿರದ ಢಾಬಾದಲ್ಲಿ ಕಾರು ನಿಲ್ಲಿಸಿ, ಅಂಚಿನಲ್ಲಿ ನಡೆದು ನೋಡಿದೆ. ಮಾಸಿದ ಎಡಪಟ್ಟಿಯಿಂದ ಹೊರಗೆ ಸುಮಾರು 3 ಅಡಿ ದೂರದಲ್ಲಿ, ಬಿರುಕು ಮುಚ್ಚಲು ಸುರಿದ ನುಣುಪಾದ ಡಾಂಬರಿನ ಉದ್ದನೆಯ ಗೆರೆಯಿದೆ. ಆದರೆ ಅದು ರಸ್ತೆಗಿಂತಲೂ ಕಪ್ಪು. ಬಿಳಿ ಗೆರೆಯೆಂದು ಅದು ಹೇಗೆ ಮೋಸ ಮಾಡೀತು?

ಡಾಂಬರುಗಣ್ಣು:
ಉತ್ತರ ನಿಮ್ಮ ಸಂಜೆಯಲ್ಲೇ ಇದೆ. ನೀವು ವಾಯವ್ಯದ ಕಡೆಗೆ ಹೋಗುತ್ತಿದ್ದೀರಿ, ಇಳಿಯುವ ಸೂರ್ಯ ಎದುರಿಗಿರುತ್ತಾನೆ. ಹಳೆಯ ಡಾಂಬರು ಒರಟು, ಬೆಳಕನ್ನು ಎಲ್ಲ ಕಡೆಗೂ ಚೆದುರಿಸುತ್ತದೆ. ಧೂಳು ಕುಡಿದ ಪಟ್ಟಿಯೂ ಹಾಗೆಯೇ. ನುಣುಪಾದ ಗೆರೆ ಮಾತ್ರ ಎದುರಿನ ಬೆಳಕನ್ನು ಕನ್ನಡಿಯಂತೆ ನೇರವಾಗಿ ಕ್ಯಾಮೆರಾದತ್ತ ಹೊಡೆಯುತ್ತದೆ. ನಡು ಹಗಲಿನ ಕಪ್ಪು ಗೆರೆ ಸಂಜೆಗೆ ಬೆಳ್ಳಿಗೆರೆಯಾಗುತ್ತದೆ. ಮಳೆಯ ರಾತ್ರಿಯಲ್ಲಿ ಎದುರಿನ ವಾಹನಗಳ ದೀಪದಿಂದಲೂ ಇದೇ ಆಗುತ್ತದೆ. ಆಗ ಪಟ್ಟಿಯೊಳಗಿನ ಗಾಜಿನ ಮಣಿಗಳನ್ನು ನೀರು ಮುಚ್ಚಿರುವುದರಿಂದ ನಿಜವಾದ ಪಟ್ಟಿ ಇನ್ನಷ್ಟು ಮರೆಯಾಗುತ್ತದೆ.

ಈಗ ಲೆಕ್ಕ ನೋಡಿ. ಪಥದ ಅಗಲ 3.5 ಮೀಟರ್. ಎಡಗೆರೆ 90 ಸೆ.ಮೀ. ಹೊರಗೆ ಸರಿದರೆ ಕ್ಯಾಮೆರಾದ ಲೆಕ್ಕದಲ್ಲಿ ಪಥ 4.4 ಮೀಟರ್ ಆಗುತ್ತದೆ, ನಡುಗೆರೆ 45 ಸೆ.ಮೀ. ಎಡಕ್ಕೆ ಹೋಗುತ್ತದೆ. ನಿಮ್ಮ ಕಾರು 1.8 ಮೀಟರ್ ಅಗಲವಿದ್ದರೆ ಸರಿಯಾಗಿ ಓಡುವಾಗ ಎರಡೂ ಬದಿಗೆ 85 ಸೆ.ಮೀ. ಜಾಗವಿರುತ್ತದೆ. ಈಗ ಎಡಕ್ಕೆ 40 ಮಾತ್ರ ಉಳಿಯಿತು. ನೀವು ಹೇಳಿದ ‘ಅಂಚಿನ ಕಡೆಗೆ ಒಯ್ಯುವುದು’ ಅದೇ.

ಗಾಜು ಬದಲಾಯಿಸಿದ್ದರ ಬಗ್ಗೆ: ಕ್ಯಾಮೆರಾ ಒಂದೇ ಒಂದು ಡಿಗ್ರಿ ಓರೆಯಾಗಿದ್ದರೂ 30 ಮೀಟರ್ ಮುಂದೆ ಅರ್ಧ ಮೀಟರಿನಷ್ಟು ತಪ್ಪು ಕಾಣುತ್ತದೆ. ಆದರೆ ಆ ದೋಷಕ್ಕೆ ಸಂಜೆ, ಬೆಳಿಗ್ಗೆ ಎಂಬ ಭೇದವಿಲ್ಲ. ಒಳ್ಳೆಯ ಪಟ್ಟಿಯ ಮೇಲೂ ಅದು ಸದಾ ಒಂದೇ ಬದಿಗೆ ಎಳೆಯಬೇಕಿತ್ತು. ನಿಮ್ಮ ಭಾನುವಾರದ ಪರೀಕ್ಷೆ ಅದನ್ನು ಬಹುಮಟ್ಟಿಗೆ ತಳ್ಳಿಹಾಕಿದೆ. ಕ್ಯಾಮೆರಾ ಬದಲಿಸಲು ಹಣ ಕೊಡಬೇಡಿ. ಗಾಜು ಹಾಕಿದ ದಿನದ ಕ್ಯಾಲಿಬ್ರೇಷನ್ ವರದಿಯನ್ನು ಮಾತ್ರ ಕೇಳಿ ತೆಗೆದುಕೊಳ್ಳಿ.

ಗ್ಯಾರೇಜ್ ಬಸಣ್ಣ:
ರೇಡಾರ್ ವಿಷಯದಲ್ಲಿ ನನ್ನದು ತಪ್ಪು, ಒಪ್ಪಿದೆ. ಆದರೆ ಗಾಜಿನ ಒಳಬದಿಯಲ್ಲಿ ಕ್ಯಾಮೆರಾದ ಮುಂದೆ ಮಂಜಿನಂಥ ಪೊರೆ ಕಟ್ಟಿದ್ದರೆ ಎದುರು ಬಿಸಿಲಿಗೆ ಇನ್ನಷ್ಟು ಕುರುಡಾಗುತ್ತದೆ. ಅದನ್ನಾದರೂ ತೆಗೆಸಿ ನೋಡಿ ಸರ್.

ಡಾಂಬರುಗಣ್ಣು:
ಖಂಡಿತ. ಅದು ಒಳ್ಳೆಯ ಮಾತು.

ಶಿರಾದಾರಿ:
ಪೊರೆ ಸ್ವಲ್ಪ ಇತ್ತು, ಒರೆಸಿದ ಮೇಲೆ ಸಂಜೆಯ ಎಳೆತ ಕಡಿಮೆಯಾಯಿತು, ನಿಂತಿಲ್ಲ. ಆ ಭಾಗದಲ್ಲಿ ಸ್ಟೀರಿಂಗ್ ನೆರವನ್ನು ನಿಲ್ಲಿಸಿ ಎಚ್ಚರಿಕೆಯ ಸದ್ದನ್ನು ಮಾತ್ರ ಉಳಿಸಿಕೊಂಡಿದ್ದೇನೆ. ಬೆಳಿಗ್ಗೆಯೂ ಎಳೆಯುವ ಆ ಒಂದು ಜಾಗ ಸರ್ವಿಸ್ ರಸ್ತೆ ಕವಲೊಡೆಯುವ ಕಡೆ.

ಡಾಂಬರುಗಣ್ಣು:
ಅಲ್ಲಿ ಎಡಪಟ್ಟಿ ಸರ್ವಿಸ್ ರಸ್ತೆಯ ಜೊತೆ ಹೊರಳಿ, ಕವಲಿನ ಬಾಯಿಗೆ ಅಡ್ಡವಾಗಿ ತುಂಡುಗೆರೆ ಹಾಕಿಲ್ಲದಿದ್ದರೆ ಕ್ಯಾಮೆರಾ ಹೊರಳಿದ ಪಟ್ಟಿಯನ್ನೇ ಹಿಂಬಾಲಿಸುತ್ತದೆ. ಬಲಪಟ್ಟಿ ಸ್ಪಷ್ಟವಾಗಿದ್ದರೆ ಅದನ್ನು ಆಧರಿಸಿ ತಪ್ಪು ತಿದ್ದಿಕೊಳ್ಳಬಹುದು. ಬಲಗಡೆ ಹೇಗಿದೆ?

ಶಿರಾದಾರಿ:
ಬಲಪಟ್ಟಿ ಅಲ್ಲಿ ಚೆನ್ನಾಗಿಯೇ ಇದೆ. ಎಡಕ್ಕೆ ತುಂಡುಗೆರೆಯೂ ಇದೆ. ಆದರೂ ಎಳೆಯುತ್ತದೆ.

ಡಾಂಬರುಗಣ್ಣು:
ಹಾಗಾದರೆ ನನ್ನ ವಿವರಣೆ ಅಲ್ಲಿಗೆ ಹೊಂದುವುದಿಲ್ಲ. ಡ್ಯಾಶ್‌ಕ್ಯಾಮ್ ಇದ್ದರೆ ಆ ಜಾಗದ ದೃಶ್ಯವನ್ನು ಇಲ್ಲಿ ಹಾಕಿ, ಪರದೆಯ ಗುರುತುಗಳೂ ಜೊತೆಗೆ ಕಾಣುವಂತಿದ್ದರೆ ಒಳ್ಳೆಯದು.